365 ನ್ಯಾನೋಮೀಟರ್ ಎಲ್‌ಇಡಿ ಕೆಳಗೆ 2-ನೈಟ್ರೋಬೆಂಜಾಲ್ಡಿಹೈಡ್: ಕ್ವಾಂಟಂ ಇಳುವರಿ ಇಷ್ಟು ಕಡಿಮೆ ಏಕೆ ಬರುತ್ತಿದೆ?

ಶಾಲ್ಮಲಾ, ಧಾರವಾಡ

ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಪ್ರಾಜೆಕ್ಟ್‌ಗಾಗಿ 2-ನೈಟ್ರೋಬೆಂಜಾಲ್ಡಿಹೈಡ್ ಬೆಳಕಿನಲ್ಲಿ 2-ನೈಟ್ರೋಸೋಬೆಂಜೋಯಿಕ್ ಆಮ್ಲವಾಗುವ ಕ್ರಿಯೆಯ ಕ್ವಾಂಟಂ ಇಳುವರಿಯನ್ನು, ಅಂದರೆ ಒಂದು ಫೋಟಾನ್‌ಗೆ ಎಷ್ಟು ಅಣು ಬದಲಾಗುತ್ತವೆ ಎಂಬುದನ್ನು, ಅಳೆಯುತ್ತಿದ್ದೇನೆ. ಅಸಿಟೋನೈಟ್ರೈಲ್‌ನಲ್ಲಿ ಕರಗಿಸಿದ 3 ಮಿಲಿ ದ್ರಾವಣವನ್ನು 1 ಸೆಂಟಿಮೀಟರ್ ಕ್ಯುವೆಟ್‌ಗೆ ಹಾಕಿ, 3 ವ್ಯಾಟ್ ಎಲ್‌ಇಡಿಯನ್ನು 2 ನಿಮಿಷ ಬೆಳಗಿಸಿದೆ. ಎಚ್‌ಪಿಎಲ್‌ಸಿಯಲ್ಲಿ ನೋಡಿದರೆ ಸಾಂದ್ರತೆ 2.00 ಮಿಲಿಮೋಲಾರ್‌ನಿಂದ 1.83ಕ್ಕೆ ಇಳಿದಿತ್ತು. ಅಂದರೆ 5.1 × 10⁻⁷ ಮೋಲ್ ಕ್ರಿಯೆಗೊಳಗಾಗಿದೆ.

ಬೆಳಕಿನ ಲೆಕ್ಕ ಹೀಗಿದೆ. 365 ನ್ಯಾನೋಮೀಟರ್‌ನಲ್ಲಿ ಒಂದು ಮೋಲ್ ಫೋಟಾನ್‌ಗಳ ಶಕ್ತಿ 327.7 ಕಿಲೋಜೌಲ್. 3 ವ್ಯಾಟ್, 120 ಸೆಕೆಂಡು, ಒಟ್ಟು 360 ಜೌಲ್. ಭಾಗಿಸಿದರೆ 1.1 × 10⁻³ ಮೋಲ್ ಫೋಟಾನ್. ಇಳುವರಿ 0.00046 ಎಂದು ಬರುತ್ತದೆ. ಪ್ರಕಟಿತ ಬೆಲೆ ದ್ರಾವಕವನ್ನು ಅನುಸರಿಸಿ 0.4ರಿಂದ 0.5ರವರೆಗೆ ಇದೆ. ಸಾವಿರ ಪಟ್ಟು ವ್ಯತ್ಯಾಸ. ಎಚ್‌ಪಿಎಲ್‌ಸಿ ಅಳತೆಯನ್ನು ಬೇರೆಬೇರೆ ದಿನ ಮತ್ತೆ ಮಾಡಿದರೂ ಅದೇ ಸಂಖ್ಯೆ ಬರುತ್ತಿದೆ, ಆದ್ದರಿಂದ ಅಣುಗಳ ಎಣಿಕೆಯ ಬಗ್ಗೆ ನನಗೆ ಅನುಮಾನವಿಲ್ಲ. ಬೆಳಕಿನ ಕಡೆ ಏನನ್ನು ನೋಡಬೇಕು?

ಬೆಳಕಿನ ಅಂಗಡಿ, ಹುಬ್ಬಳ್ಳಿ

ನಾನು ರಸಾಯನಶಾಸ್ತ್ರದವನಲ್ಲ, ಎಲ್‌ಇಡಿ ಡ್ರೈವರ್‌ಗಳ ಕೆಲಸ ಮಾಡುವವನು. ತೊಂದರೆ ಇಲ್ಲಿಯೇ ಇದೆ ತಂಗಿ. 3 ವ್ಯಾಟ್ ಎಂಬುದು ಎಲ್‌ಇಡಿ ತೆಗೆದುಕೊಳ್ಳುವ ವಿದ್ಯುತ್ತು. ಅದರಲ್ಲಿ ಮೂರನೇ ಒಂದು ಭಾಗದಷ್ಟು ಮಾತ್ರ ಬೆಳಕಾಗಿ ಹೊರಗೆ ಬರುತ್ತದೆ, ಉಳಿದದ್ದು ಶಾಖ. ಹೀಟ್ ಸಿಂಕ್ ಮುಟ್ಟಿ ನೋಡಿದರೆ ಗೊತ್ತಾಗುತ್ತದೆ. 3 ವ್ಯಾಟ್ ಬದಲು 1 ವ್ಯಾಟ್ ಇಟ್ಟು ಲೆಕ್ಕ ಮಾಡಿ. ಖಚಿತವಾಗಿ ಬೇಕೆಂದರೆ ಒಂದು ಲಕ್ಸ್ ಮೀಟರ್ ತಂದು ಕ್ಯುವೆಟ್ ಇಡುವ ಜಾಗದಲ್ಲಿ ಹಿಡಿಯಿರಿ.

ಶಾಲ್ಮಲಾ, ಧಾರವಾಡ

ಧನ್ಯವಾದ ಅಣ್ಣಾ. 1 ವ್ಯಾಟ್ ಇಟ್ಟರೂ ಇಳುವರಿ 0.0014ಕ್ಕೆ ಏರುತ್ತದೆ, ಅಷ್ಟೇ. ಇನ್ನೂ ಮುನ್ನೂರು ಪಟ್ಟು ಕಡಿಮೆ.

ಸಪ್ತಾಪುರದ ಮಾಸ್ತರು

ಹುಬ್ಬಳ್ಳಿಯವರು ಹೇಳಿದ ದಿಕ್ಕು ಸರಿಯಾಗಿದೆ, ಆದರೆ ಅರ್ಧ ದಾರಿಗೇ ನಿಂತರು. ಎಲ್‌ಇಡಿಯಿಂದ ಹೊರಟ ಬೆಳಕು ನಾಲ್ಕೂ ಕಡೆ ಹರಡುತ್ತದೆ. ಅದರಲ್ಲಿ ಎಷ್ಟು ಕ್ಯುವೆಟ್‌ನ ಕಿಟಕಿಗೆ ಬಿತ್ತು? ಬಿದ್ದದ್ದರಲ್ಲಿ ಎಷ್ಟು ದ್ರಾವಣದೊಳಗೆ ಹೋಯಿತು? ಹೋದದ್ದರಲ್ಲಿ ಎಷ್ಟನ್ನು ನಿನ್ನ ಅಣುಗಳು ಹೀರಿಕೊಂಡವು? ಛೇದದಲ್ಲಿ ಕೂರುವುದು ಕೊನೆಯದು ಮಾತ್ರ. ಹೊಲದಲ್ಲಿ ಮೊಳಕೆಯ ಪ್ರಮಾಣ ಹೇಳುವಾಗ ಚೀಲದಲ್ಲಿ ಎಷ್ಟು ಬೀಜವಿತ್ತು ಎಂದು ಯಾರೂ ಕೇಳುವುದಿಲ್ಲ, ಮಣ್ಣಿಗೆ ಬಿದ್ದದ್ದೆಷ್ಟು ಎಂದು ಕೇಳುತ್ತಾರೆ.

ಲಕ್ಸ್ ಮೀಟರ್ ಮಾತ್ರ ಬೇಡವೇ ಬೇಡ. ಲಕ್ಸ್ ಎಂಬುದು ಮನುಷ್ಯನ ಕಣ್ಣಿಗೆ ಕಾಣುವ ಬೆಳಕಿನ ಅಳತೆ. 365 ನ್ಯಾನೋಮೀಟರ್ ನಮ್ಮ ಕಣ್ಣಿಗೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ, ಹಾಗಾಗಿ ಆ ಮೀಟರ್ ಏನು ತೋರಿಸಿದರೂ ಅದರಿಂದ ಫೋಟಾನ್ ಲೆಕ್ಕ ಹೊರಡುವುದಿಲ್ಲ.

ನಿನಗೆ ಬೇಕಾದದ್ದು ಫೆರಿಆಕ್ಸಲೇಟ್ ಆಕ್ಟಿನೋಮೀಟರ್. ಅದೇ ಕ್ಯುವೆಟ್, ಅದೇ ಸ್ಥಾನ, ಅದೇ 3 ಮಿಲಿ. ಕಾಗದದ ಮೇಲಿನ ವ್ಯಾಟ್ ಬಿಟ್ಟು, ದ್ರಾವಣದೊಳಗೆ ನಿಜವಾಗಿ ಎಷ್ಟು ಫೋಟಾನ್ ಬಂತು ಎಂಬುದನ್ನು ಇನ್ನೊಂದು ದ್ಯುತಿರಾಸಾಯನಿಕ ಕ್ರಿಯೆಯಿಂದಲೇ ಎಣಿಸುವ ವಿಧಾನ ಅದು. ಹ್ಯಾಚರ್ಡ್ ಮತ್ತು ಪಾರ್ಕರ್ 1956ರಲ್ಲಿ ಇದನ್ನು ಸವಿಸ್ತಾರವಾಗಿ ಪ್ರಕಟಿಸಿದರು. ಇಂದಿಗೂ ಎಲ್ಲರೂ ನೆಚ್ಚಿಕೊಂಡಿರುವುದು ಅದನ್ನೇ.

ಪೊಟ್ಯಾಸಿಯಂ ಫೆರಿಆಕ್ಸಲೇಟ್‌ನ ಹಸಿರು ಹರಳುಗಳನ್ನು ನೀವೇ ತಯಾರಿಸಬಹುದು. ಬಿಸಿ ನೀರಿನಿಂದ ಮರುಹರಳುಗಟ್ಟಿಸಿ, ಕತ್ತಲಲ್ಲಿ ಒಣಗಿಸಿಡಿ. 0.05 ಮೋಲಾರ್ ಸಲ್ಫ್ಯೂರಿಕ್ ಆಮ್ಲದಲ್ಲಿ 0.006 ಮೋಲಾರ್ ದ್ರಾವಣ ಮಾಡಿ. ಎಲ್ಲ ಕೆಲಸವೂ ಕೆಂಪು ದೀಪದ ಕೆಳಗೆ ನಡೆಯಲಿ. ಕೋಣೆಯ ಟ್ಯೂಬ್‌ಲೈಟ್‌ಗೆ ಈ ದ್ರಾವಣ ಸುಮ್ಮನಿರುವುದಿಲ್ಲ. ಒಂದು ನಿಮಿಷ ಬೆಳಕು ಕೊಟ್ಟು, ಚೆನ್ನಾಗಿ ಕಲಕಿ, 1 ಮಿಲಿ ತೆಗೆದು 10 ಮಿಲಿ ಫ್ಲಾಸ್ಕ್‌ಗೆ ಹಾಕಿ. ಅದಕ್ಕೆ ಫಿನಾಂತ್ರೊಲಿನ್ ಮತ್ತು ಅಸಿಟೇಟ್ ಬಫರ್ ಸೇರಿಸಿ ಗುರುತಿನವರೆಗೆ ತುಂಬಿಸಿ. ಒಂದು ಗಂಟೆ ಕತ್ತಲಲ್ಲಿಟ್ಟು 510 ನ್ಯಾನೋಮೀಟರ್‌ನಲ್ಲಿ ಓದಿ. ಬೆಳಕು ಕಾಣದ ಇನ್ನೊಂದು ಪಾಲನ್ನು ಹೀಗೆಯೇ ಮಾಡಿ ಕಳೆಯಿರಿ. ಆ ಕಿತ್ತಳೆಗೆಂಪು ಸಂಕೀರ್ಣದ ಮೋಲಾರ್ ಗುಣಾಂಕ 11,100. 365ರ ಸುತ್ತ ಫೆರಸ್ ಕಬ್ಬಿಣದ ಇಳುವರಿ 1.21 ಎಂದು ಹಿಡಿಯಿರಿ.

ಬೆಟಗೇರಿ ಉಪನ್ಯಾಸಕ

ಮಾಸ್ತರರ ಮೇಲೆ ಗೌರವವಿಟ್ಟೇ ಕೇಳುತ್ತೇನೆ. 1.21 ಹೇಗೆ ಸಾಧ್ಯ? ಸ್ಟಾರ್ಕ್-ಐನ್‌ಸ್ಟೈನ್ ನಿಯಮದ ಪ್ರಕಾರ ಒಂದು ಫೋಟಾನ್ ಒಂದೇ ಅಣುವನ್ನು ಕ್ರಿಯಾಶೀಲಗೊಳಿಸುತ್ತದೆ. ಪಿಯು ಮಕ್ಕಳಿಗೆ ನಾನು ಅದನ್ನೇ ಕಲಿಸುತ್ತೇನೆ. ಇಳುವರಿ ಒಂದನ್ನು ಮೀರಿದರೆ ಹೀರಿಕೊಂಡ ಬೆಳಕನ್ನು ಎಲ್ಲೋ ಕಡಿಮೆ ಎಣಿಸಿದ್ದಾರೆ ಎಂದೇ ಅರ್ಥವಲ್ಲವೇ?

ಸಪ್ತಾಪುರದ ಮಾಸ್ತರು

ನಿಯಮವೂ ಸರಿ, 1.21 ಕೂಡ ಸರಿ. ನಿಯಮ ಹೇಳುವುದು ಮೊದಲ ಹೆಜ್ಜೆಯ ಬಗ್ಗೆ. ಫೋಟಾನ್ ಹೀರಿದ ಫೆರಿಆಕ್ಸಲೇಟ್‌ನಲ್ಲಿ ಒಂದು ಎಲೆಕ್ಟ್ರಾನ್ ಆಕ್ಸಲೇಟ್‌ನಿಂದ ಕಬ್ಬಿಣಕ್ಕೆ ದಾಟುತ್ತದೆ, ಫೆರಿಕ್ ಇದ್ದದ್ದು ಫೆರಸ್ ಆಗುತ್ತದೆ. ಆದರೆ ಎಲೆಕ್ಟ್ರಾನ್ ಕಳೆದುಕೊಂಡ ಆಕ್ಸಲೇಟ್ ಈಗ ರ‍್ಯಾಡಿಕಲ್. ಅದು ಒಡೆದು ಕಾರ್ಬನ್ ಡೈಆಕ್ಸೈಡ್ ಬಿಡುತ್ತಾ, ತನ್ನಲ್ಲಿ ಉಳಿದ ಎಲೆಕ್ಟ್ರಾನನ್ನು ಪಕ್ಕದ ಇನ್ನೊಂದು ಫೆರಿಆಕ್ಸಲೇಟ್‌ಗೆ ಕೊಡಬಲ್ಲದು. ಈ ಎರಡನೆಯ ಹೆಜ್ಜೆಗೆ ಬೆಳಕು ಬೇಡ. ಎಲ್ಲವೂ ಅಂದುಕೊಂಡಂತೆ ನಡೆದರೆ ಒಂದು ಫೋಟಾನ್‌ಗೆ ಎರಡು ಫೆರಸ್. ಎಲೆಕ್ಟ್ರಾನ್ ಹಿಂದಿರುಗುವ ಪ್ರಸಂಗಗಳೂ ಇರುವುದರಿಂದ ಒಟ್ಟಾರೆ 1.21ಕ್ಕೆ ನಿಲ್ಲುತ್ತದೆ.

ಹೈಡ್ರೋಜನ್-ಕ್ಲೋರಿನ್ ಮಿಶ್ರಣದಲ್ಲಿ ಈ ಸಂಖ್ಯೆ ಹತ್ತು ಸಾವಿರವನ್ನು ದಾಟಿ ಹತ್ತು ಲಕ್ಷದವರೆಗೂ ಹೋಗುತ್ತದೆ. ಬೆಳಕು ಕ್ಲೋರಿನ್ ಅಣುವನ್ನು ಒಡೆಯುವುದು ಒಂದೇ ಸಲ, ಆಮೇಲಿನದು ಸರಪಳಿ. ಹಾಗಾಗಿ ಒಂದನ್ನು ಮೀರಿದ ಇಳುವರಿ ಕಂಡಾಗ ಎರಡು ಸಾಧ್ಯತೆಗಳನ್ನೂ ಪರೀಕ್ಷಿಸಬೇಕು. ನೀವು ಹೇಳಿದ ಎಣಿಕೆಯ ತಪ್ಪು ಅವುಗಳಲ್ಲಿ ಒಂದು ಮಾತ್ರ.

ಬೆಟಗೇರಿ ಉಪನ್ಯಾಸಕ

ಅರ್ಥವಾಯಿತು. ನಮ್ಮ ಪರೀಕ್ಷೆಯ ಲೆಕ್ಕಗಳಲ್ಲಿ 'ಇಷ್ಟು ಜೌಲ್ ಹೀರಿಕೊಂಡಿತು' ಎಂದು ಪ್ರಶ್ನೆಯಲ್ಲೇ ಕೊಟ್ಟುಬಿಡುತ್ತಾರೆ. ಅದನ್ನು ಕಂಡುಹಿಡಿಯುವುದೇ ಕಷ್ಟದ ಭಾಗ ಎಂಬುದು ಮಕ್ಕಳಿಗೆ ಗೊತ್ತೇ ಆಗುವುದಿಲ್ಲ. ಇನ್ನೊಂದು ಪ್ರಶ್ನೆ: ನೈಟ್ರೋಬೆಂಜಾಲ್ಡಿಹೈಡ್‌ನಲ್ಲಿ ಸುಮಾರು ಅರ್ಧ ಮಾತ್ರ ಬರುತ್ತದೆ ಎಂದರೆ, ಉಳಿದ ಅರ್ಧ ಫೋಟಾನ್‌ಗಳು ಎಲ್ಲಿ ಹೋದವು?

ಸಪ್ತಾಪುರದ ಮಾಸ್ತರು

ಶಾಖವಾದವು. ಉದ್ರೇಕಗೊಂಡ ಅಣುವಿನಲ್ಲಿ ಆಲ್ಡಿಹೈಡ್‌ನ ಹೈಡ್ರೋಜನ್ ಪಕ್ಕದಲ್ಲೇ ಇರುವ ನೈಟ್ರೋ ಗುಂಪಿಗೆ ಜಿಗಿದರೆ ಕೀಟೀನ್ ಹುಟ್ಟಿ ಕ್ರಿಯೆ ಮುಂದೆ ಸಾಗುತ್ತದೆ. ಜಿಗಿಯದೆ ಇದ್ದರೆ ಅಣು ಶಕ್ತಿಯನ್ನು ಸುತ್ತಲಿನ ದ್ರಾವಕಕ್ಕೆ ಕೊಟ್ಟು ಮೊದಲಿನ ಸ್ಥಿತಿಗೇ ಮರಳುತ್ತದೆ. ಮರಳಿದ ಅಣು ಮತ್ತೊಂದು ಫೋಟಾನ್‌ಗೆ ಸಿದ್ಧವಾಗಿರುತ್ತದೆ, ಆದರೆ ಹಿಂದಿನ ಫೋಟಾನ್ ಛೇದದಲ್ಲಿ ಎಣಿಕೆಯಾಗಿಬಿಟ್ಟಿರುತ್ತದೆ.

ಬ್ಯಾಡಗಿ ಮೆಣಸಿನಕಾಯಿ

ನಮ್ಮದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ. ಬೆಳಕಿನಿಂದ ಎಷ್ಟು ಅಣು ಹಾಳಾಗುತ್ತವೆ ಎಂದು ಲೆಕ್ಕ ಹಾಕಬಹುದು ಎಂದು ಓದಿ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಾಯಿಗೆ ಬೆಲೆ ಬರುವುದೇ ಬಣ್ಣದಿಂದ. ಕಿಟಕಿ ಪಕ್ಕ ಇಟ್ಟ ಚೀಲದ ಮೇಲ್ಪದರ ಬಿಳಿಚುತ್ತದೆ, ಶೈತ್ಯಾಗಾರದಲ್ಲಿಟ್ಟದ್ದು ಚೆನ್ನಾಗಿರುತ್ತದೆ. ಮೆಣಸಿನಕಾಯಿ ಬಣ್ಣದ ಕ್ವಾಂಟಂ ಇಳುವರಿ ಎಷ್ಟೆಂದು ಹೇಳಿದರೆ, ಎಷ್ಟು ದಿನ ಬಿಸಿಲಿಗೆ ಇಡಬಹುದು ಎಂದು ತೀರ್ಮಾನಿಸಲು ಅನುಕೂಲವಾಗುತ್ತದೆ.

ಸಪ್ತಾಪುರದ ಮಾಸ್ತರು

ಸಾಹುಕಾರರೇ, ನಿಮಗೆ ಬೇಕಾದ ದಿನಗಳ ಲೆಕ್ಕ ಈ ಒಂದು ಸಂಖ್ಯೆಯಿಂದ ಹೊರಡುವುದಿಲ್ಲ. ಕಾಯಿಯ ಮೇಲೆ ಬಿದ್ದ ಬೆಳಕು ಸಿಪ್ಪೆಯಲ್ಲಿ ಚದುರುತ್ತದೆ, ಒಂದಿಷ್ಟು ತಿರುಗಿ ಹೊರಬರುತ್ತದೆ, ಒಂದಿಷ್ಟನ್ನು ಬಣ್ಣವಲ್ಲದ ವಸ್ತುಗಳು ಹೀರುತ್ತವೆ. ಬಣ್ಣದ ಅಣುಗಳು ಹೀರಿದ್ದೆಷ್ಟು ಎಂದು ಬೇರ್ಪಡಿಸುವುದು ತಿಳಿಯಾದ ದ್ರಾವಣದಲ್ಲಿ ಆಗುವಷ್ಟು ಸುಲಭವಲ್ಲ. ಜೊತೆಗೆ ಮೆಣಸಿನಕಾಯಿಯ ಕೆಂಪು ಕ್ಯಾರೊಟಿನಾಯ್ಡ್ ಜಾತಿಯದು. ಅದು ಗಾಳಿಯ ಆಮ್ಲಜನಕದಿಂದಲೂ ಹಾಳಾಗುತ್ತದೆ, ಬಿಸಿಯಲ್ಲಿ ಇನ್ನೂ ಬೇಗ. ಶೈತ್ಯಾಗಾರದಲ್ಲಿ ಕತ್ತಲೂ ಇದೆ, ತಂಪೂ ಇದೆ. ಯಾವುದು ಬಣ್ಣವನ್ನು ಕಾಪಾಡಿತು ಎಂದು ಅದರಿಂದ ಹೇಳಲಾಗದು.

ಒಂದು ಕೆಲಸ ಮಾಡಿ ನೋಡಿ. ಒಂದೇ ರಾಶಿಯ ಕಾಯಿಗಳನ್ನು ಎರಡು ಪಾಲು ಮಾಡಿ ಒಂದೇ ಕಿಟಕಿಯಲ್ಲಿಡಿ. ಒಂದಕ್ಕೆ ಗಾಳಿಯಾಡುವಂತೆ ಅಲ್ಯೂಮಿನಿಯಂ ಹಾಳೆಯ ಮರೆ ಮಾಡಿ, ಕಪ್ಪು ಕಾಗದ ಬೇಡ, ಅದು ತಾನೇ ಕಾಯುತ್ತದೆ. ಎರಡರ ಬಿಸಿಯೂ ಒಂದೇ ಇದೆಯೇ ಎಂದು ಥರ್ಮಾಮೀಟರ್‌ನಿಂದ ನೋಡಿಕೊಳ್ಳಿ. ಎರಡು ಪಾಲುಗಳ ನಡುವಿನ ವ್ಯತ್ಯಾಸ ಮಾತ್ರ ಬೆಳಕಿನ ಪಾಲು.

ಶಾಲ್ಮಲಾ, ಇದೇ ಮಾತು ನಿನಗೂ ಅನ್ವಯಿಸುತ್ತದೆ. ನೈಟ್ರೋಬೆಂಜಾಲ್ಡಿಹೈಡ್ ತುಂಬಿದ ಒಂದು ಕ್ಯುವೆಟ್ಟನ್ನು ಹಾಳೆಯಲ್ಲಿ ಸುತ್ತಿ, ಅದೇ ಹೊತ್ತು ಎಲ್‌ಇಡಿ ಪಕ್ಕದಲ್ಲೇ ಇಟ್ಟು ಎಚ್‌ಪಿಎಲ್‌ಸಿ ಮಾಡು.

ಬ್ಯಾಡಗಿ ಮೆಣಸಿನಕಾಯಿ

ಹಾಳೆಯದು ಮಾಡಿ ನೋಡುತ್ತೇವೆ ಸರ್. ಆದರೆ ಪ್ಲಾಸ್ಟಿಕ್ ಹೊದಿಕೆಯೊಳಗೆ ಗಾಳಿ ತೆಗೆದು ಇಟ್ಟರೆ ಬಿಸಿಲಲ್ಲೂ ಬಣ್ಣ ಉಳಿಯುತ್ತದೆಯೇ?

ಸಪ್ತಾಪುರದ ಮಾಸ್ತರು

ಸ್ವಲ್ಪ ಹೆಚ್ಚು ಉಳಿಯಬಹುದು. ಎಷ್ಟು ಎಂಬುದನ್ನು ನಿಮ್ಮ ಕಾಯಿಯೇ ಹೇಳಬೇಕು.

ಶಾಲ್ಮಲಾ, ಧಾರವಾಡ

ಸರ್, ಆಕ್ಟಿನೋಮೀಟರ್ ಮಾಡಿದೆ. ಕತ್ತಲ ಪಾಲಿನ ಓದು 0.030, ಒಂದು ನಿಮಿಷ ಬೆಳಕು ಕಂಡದ್ದು 0.530, ವ್ಯತ್ಯಾಸ 0.500. ಹಾಳೆ ಸುತ್ತಿದ ಕ್ಯುವೆಟ್‌ನಲ್ಲಿ ನೈಟ್ರೋಬೆಂಜಾಲ್ಡಿಹೈಡ್ ಕಡಿಮೆಯಾಗಿಲ್ಲ. ಅಂದರೆ ಇಳಿಕೆ ಪೂರ್ತಿ ಬೆಳಕಿನದೇ. ಲೆಕ್ಕ ಹೀಗೆ ಬಂತು:

```
Fe(II), 10 mL: 0.500/11100 = 4.50e-5 mol/L → 4.50e-7 mol
3 mL cell:     3 × 4.50e-7 = 1.35e-6 mol
photons:       1.35e-6/1.21 = 1.12e-6 mol in 60 s
             = 1.86e-8 mol/s
```

ಇದನ್ನು 327.7 ಕಿಲೋಜೌಲ್‌ನಿಂದ ಗುಣಿಸಿದರೆ 6.1 ಮಿಲಿವ್ಯಾಟ್ ಮಾತ್ರ! 3 ವ್ಯಾಟ್ ಎಲ್‌ಇಡಿಯಿಂದ ನನ್ನ ದ್ರಾವಣಕ್ಕೆ ಸೇರಿದ್ದು ಐನೂರರಲ್ಲಿ ಒಂದು ಭಾಗ. ಇದನ್ನು ಹಾಕಿದಾಗ ಇಳುವರಿ 0.23 ಬಂತು. ಹತ್ತಿರ ಬಂದಿದೆ, ಆದರೆ ಇನ್ನೂ ಅರ್ಧ.

ಸಪ್ತಾಪುರದ ಮಾಸ್ತರು

ಫೆರಿಆಕ್ಸಲೇಟ್‌ನಲ್ಲಿ ಇದ್ದದ್ದು 18 ಮೈಕ್ರೋಮೋಲ್, ಕ್ರಿಯೆಗೊಳಗಾದದ್ದು 1.35. ಶೇಕಡ 7.5 ಆಯಿತು, ಹತ್ತರೊಳಗೇ ಇದೆ, ಒಳ್ಳೆಯದು. ಇನ್ನು ಉಳಿದ ಅರ್ಧದ ವಿಚಾರ. 0.006 ಮೋಲಾರ್ ಫೆರಿಆಕ್ಸಲೇಟ್ 365ರಲ್ಲಿ ಒಳಬಂದ ಬೆಳಕನ್ನೆಲ್ಲ ನುಂಗುತ್ತದೆ, ಆಚೆ ಬದಿಗೆ ಏನೂ ದಾಟುವುದಿಲ್ಲ. ನಿನ್ನ ನೈಟ್ರೋಬೆಂಜಾಲ್ಡಿಹೈಡ್ ಹಾಗಲ್ಲ. ಅದರ ಅಬ್ಸಾರ್ಬೆನ್ಸ್ 365ರಲ್ಲಿ ಎಷ್ಟಿತ್ತು?

ಶಾಲ್ಮಲಾ, ಧಾರವಾಡ

0.30, ಸರ್. ಹಾಗಾದರೆ ಹೀರಿದ ಭಾಗ 1 − 10⁻⁰·³⁰, ಅಂದರೆ 0.50. ಅರ್ಧ ಬೆಳಕು ಹಾಗೆಯೇ ಆಚೆ ಹೋಗಿದೆ!

```
absorbed: 1.86e-8 × 0.50 × 120 = 1.11e-6 mol = 6.7e17 photons
reacted:  5.1e-7 mol           = 3.1e17 molecules
yield:    0.46
```

ಬಂತು! ಆದರೆ ಇನ್ನೊಂದು ಗೊಂದಲ ಇದೆ. ಅಳತೆಯ ದೋಷ ಕಡಿಮೆಯಾಗಲಿ ಎಂದು 20 ನಿಮಿಷ ಬೆಳಗಿಸಿದ ಪ್ರಯೋಗವೂ ನನ್ನ ಬಳಿ ಇದೆ. ಅದರಲ್ಲಿ 2.00ರಿಂದ 0.92ಕ್ಕೆ ಇಳಿದಿದೆ. ಇದೇ ಸೂತ್ರದಲ್ಲಿ ಹಾಕಿದರೆ ಇಳುವರಿ 0.29. ಹೆಚ್ಚು ಹೊತ್ತು ಬೆಳಕು ಕೊಟ್ಟದ್ದು ಹೆಚ್ಚು ನಂಬಿಕೆಗೆ ಅರ್ಹ ಅಲ್ಲವೇ?

ಸಪ್ತಾಪುರದ ಮಾಸ್ತರು

ಅಲ್ಲ. ಇಲ್ಲಿ ಉಲ್ಟಾ. 20 ನಿಮಿಷದ ನಂತರ 365ರಲ್ಲಿ ಅಬ್ಸಾರ್ಬೆನ್ಸ್ ಓದಿದ್ದೀಯಾ?

ಶಾಲ್ಮಲಾ, ಧಾರವಾಡ

ಓದಿದ್ದೇನೆ, 0.42. ನೈಟ್ರೋಬೆಂಜಾಲ್ಡಿಹೈಡ್ ಅರ್ಧಕ್ಕಿಂತ ಕಡಿಮೆ ಉಳಿದಿದ್ದರೂ ಅಬ್ಸಾರ್ಬೆನ್ಸ್ ಏರಿದೆ.

ಸಪ್ತಾಪುರದ ಮಾಸ್ತರು

ಉತ್ತರ ಅದರಲ್ಲೇ ಇದೆ. 0.92 ಮಿಲಿಮೋಲಾರ್ ನೈಟ್ರೋಬೆಂಜಾಲ್ಡಿಹೈಡ್‌ನ ಪಾಲು 0.14 ಮಾತ್ರ. ಉಳಿದ 0.28 ಹುಟ್ಟಿದ ವಸ್ತುಗಳದ್ದು. ಆ ಹೊತ್ತಿಗೆ ದ್ರಾವಣ ಹೀರುತ್ತಿದ್ದ ಬೆಳಕಿನಲ್ಲಿ ಮೂರರಲ್ಲಿ ಎರಡು ಭಾಗ ನಿನ್ನ ಕ್ರಿಯೆಗೆ ಸಂಬಂಧವೇ ಇಲ್ಲದ ಅಣುಗಳಿಗೆ ಹೋಗುತ್ತಿತ್ತು. ನೀನು ಮಾತ್ರ 20 ನಿಮಿಷವೂ ನೈಟ್ರೋಬೆಂಜಾಲ್ಡಿಹೈಡ್ ಅರ್ಧ ಬೆಳಕನ್ನು ಹೀರುತ್ತಲೇ ಇತ್ತು ಎಂದು ಎಣಿಸಿದೆ. ಛೇದ ಉಬ್ಬಿತು, ಇಳುವರಿ ಕುಸಿಯಿತು. ಅಣುವಿನ ಗುಣ ಬದಲಾಗಿಲ್ಲ.

2 ನಿಮಿಷದ ಪ್ರಯೋಗದಲ್ಲೂ ಇದರ ಸಣ್ಣ ನೆರಳು ಇದ್ದೇ ಇದೆ. ಅದಕ್ಕೆ ಅರ್ಧ, ಒಂದು, ಒಂದೂವರೆ, ಎರಡು ನಿಮಿಷಗಳ ಬಿಂದುಗಳನ್ನು ತೆಗೆದುಕೊಂಡು, ಇಳುವರಿಯನ್ನು ಕಾಲದ ಎದುರು ಬರೆದು, ಗೆರೆಯನ್ನು ಸೊನ್ನೆ ಕಾಲಕ್ಕೆ ಎಳೆ. ಅರ್ಧ ನಿಮಿಷದ ಬಿಂದುವಿನಲ್ಲಿ ಎಚ್‌ಪಿಎಲ್‌ಸಿ ದೋಷ ದೊಡ್ಡದಾಗುತ್ತದೆ, ಅದನ್ನು ಹಲವು ಸಲ ಮಾಡಬೇಕು. ಆಕ್ಟಿನೋಮೀಟರನ್ನು ಪ್ರಯೋಗದ ಮೊದಲೂ ನಂತರವೂ ಮಾಡು. ಎಲ್‌ಇಡಿ ಕಾದಂತೆ ಬೆಳಕು ಇಳಿಯುತ್ತದೆ.

ಬೆಳಕಿನ ಅಂಗಡಿ, ಹುಬ್ಬಳ್ಳಿ

ಕಾಯುವ ವಿಷಯ ಬಂದದ್ದರಿಂದ ಮತ್ತೆ ಬರೆಯುತ್ತಿದ್ದೇನೆ. ಎಲ್‌ಇಡಿ ಕಾದರೆ ಬೆಳಕು ಇಳಿಯುವುದಷ್ಟೇ ಅಲ್ಲ, ಅದರ ತರಂಗಾಂತರವೂ ಉದ್ದದ ಕಡೆಗೆ ಜರುಗುತ್ತದೆ. ಅದಲ್ಲದೆ 365 ಎಂದು ಚೀಟಿ ಅಂಟಿಸಿದ ಎಲ್‌ಇಡಿಯ ಶಿಖರ ಕೆಲವು ನ್ಯಾನೋಮೀಟರ್ ಆಚೀಚೆ ಇರಬಹುದು, ಸುಮಾರು ಹತ್ತು ನ್ಯಾನೋಮೀಟರ್ ಅಗಲವೂ ಇರುತ್ತದೆ. ನಿಮ್ಮ 0.30 ಎಂಬ ಓದು 365 ಎಂಬ ಒಂದೇ ಬಿಂದುವಿನದು.

ಮಾಸ್ತರು ಲಕ್ಸ್ ಮೀಟರ್ ಬೇಡ ಎಂದರು, ಒಪ್ಪಿದೆ. ನನ್ನ ಸ್ನೇಹಿತರ ಬಳಿ ಸಿಲಿಕಾನ್ ಫೋಟೋಡಯೋಡ್ ಇರುವ ಪವರ್ ಮೀಟರ್ ಇದೆ, ಅದರಲ್ಲಿ ತರಂಗಾಂತರವನ್ನು 365ಕ್ಕೆ ಹೊಂದಿಸಬಹುದು. ಶನಿವಾರ ಚಿಗರಿ ಬಸ್ ಹತ್ತಿ ತಂದುಕೊಡುತ್ತೇನೆ.

ಸಪ್ತಾಪುರದ ಮಾಸ್ತರು

ತರಂಗಾಂತರದ ಮಾತು ಬಹಳ ಮುಖ್ಯ, ನಾನು ಹೇಳಬೇಕಿದ್ದದ್ದನ್ನು ನೀವು ಹೇಳಿದಿರಿ. ಫೆರಿಆಕ್ಸಲೇಟ್‌ಗೆ ಹತ್ತು ನ್ಯಾನೋಮೀಟರ್ ಆಚೀಚೆಯಿಂದ ದೊಡ್ಡ ವ್ಯತ್ಯಾಸವಾಗುವುದಿಲ್ಲ, ಅದರ ಇಳುವರಿ ಆ ಪ್ರದೇಶದಲ್ಲಿ ಹೆಚ್ಚುಕಡಿಮೆ ಸಮತಟ್ಟು. ನೈಟ್ರೋಬೆಂಜಾಲ್ಡಿಹೈಡ್ ಮಾತ್ರ 365ರ ಆಚೆ ಬೇಗ ಬೆಳಕನ್ನು ಬಿಟ್ಟುಕೊಡುತ್ತದೆ. ಶಿಖರ ನಿಜವಾಗಿ 369ರಲ್ಲಿ ಇದ್ದರೆ ಹೀರಿದ ಭಾಗ 0.50ಕ್ಕಿಂತ ಕಡಿಮೆ, ಆಗ ನಿಜವಾದ ಇಳುವರಿ 0.46ಕ್ಕಿಂತ ಮೇಲೆ.

ಶಾಲ್ಮಲಾ, ಧಾರವಾಡ

ಅಣ್ಣ ಮೀಟರ್ ತಂದುಕೊಟ್ಟರು. ಕ್ಯುವೆಟ್ ತೆಗೆದು, ಅದರ ಮುಖ ಇದ್ದ ಜಾಗದಲ್ಲಿ, ಅಷ್ಟೇ ಅಗಲದ ಕಿಂಡಿಯ ಹಿಂದೆ ಸಂವೇದಕ ಇಟ್ಟಾಗ 7.0 ಮಿಲಿವ್ಯಾಟ್ ತೋರಿಸಿತು. ಆಕ್ಟಿನೋಮೀಟರ್ ಹೇಳಿದ್ದು 6.1. ಯಾವುದನ್ನು ನಂಬಲಿ?

ಸಪ್ತಾಪುರದ ಮಾಸ್ತರು

ಮೀಟರ್ ಓದಿದ್ದು ಕ್ಯುವೆಟ್‌ಗೆ ಬೀಳುವ ಬೆಳಕನ್ನು. ಕ್ಯುವೆಟ್‌ನ ಮುಂದಿನ ಗೋಡೆ ಸುಮಾರು ಶೇಕಡ 4ನ್ನು ಪ್ರತಿಫಲಿಸುತ್ತದೆ. ಅದನ್ನು ಕಳೆದರೆ 6.7. ಆಕ್ಟಿನೋಮೀಟರ್ ಅದೇ ಕ್ಯುವೆಟ್‌ನಲ್ಲಿ ಒಳಹೊಕ್ಕ ಬೆಳಕನ್ನೇ ಎಣಿಸುವುದರಿಂದ ಅದಕ್ಕೆ ಈ ತಿದ್ದುಪಡಿ ಬೇಡ. ಉಳಿದದ್ದು ಶೇಕಡ ಹತ್ತರ ಅಂತರ. ಮೀಟರನ್ನು ನೇರಳಾತೀತದಲ್ಲಿ ಕೊನೆಯ ಸಲ ಕ್ಯಾಲಿಬ್ರೇಟ್ ಮಾಡಿದ್ದು ಯಾವಾಗ ಎಂದು ಹುಬ್ಬಳ್ಳಿಯವರು ವಿಚಾರಿಸಲಿ. ನೀನು ಫೆರಿಆಕ್ಸಲೇಟನ್ನು ಬೆಳಕಿಗಿಟ್ಟಾಗ ಕಲಕುತ್ತಿದ್ದೆಯಾ? ಮುಂದಿನ ಗೋಡೆಯ ಹತ್ತಿರವೇ ಎಲ್ಲ ಬೆಳಕೂ ಹೀರಿಹೋಗುವುದರಿಂದ, ಕಲಕದಿದ್ದರೆ ಅಲ್ಲಿನ ಫೆರಿಆಕ್ಸಲೇಟ್ ಖಾಲಿಯಾಗಿ ಎಣಿಕೆ ಕಡಿಮೆ ಬರುತ್ತದೆ.

ಶಾಲ್ಮಲಾ, ಧಾರವಾಡ

ಬೆಳಕು ಕೊಟ್ಟ ನಂತರ ಕಲಕಿದೆ ಸರ್, ಕೊಡುವಾಗ ಇಲ್ಲ. ನಮ್ಮ ಕ್ಯುವೆಟ್‌ಗೆ ಹಿಡಿಸುವ ಚಿಕ್ಕ ಮ್ಯಾಗ್ನೆಟ್ ತರಿಸಬೇಕು.

ಬೆಟಗೇರಿ ಉಪನ್ಯಾಸಕ

ಒಂದು ಸಂಶಯ. ಫೆರಿಆಕ್ಸಲೇಟ್‌ಗೆ ಈ ಪ್ರದೇಶದಲ್ಲಿ 1.26 ಎಂಬ ಬೆಲೆಯನ್ನೂ ಕಂಡಿದ್ದೇನೆ. ಅದನ್ನು ಹಾಕಿದರೆ 5.9 ಮಿಲಿವ್ಯಾಟ್ ಆಗುತ್ತದೆ, ಮೀಟರ್‌ನಿಂದ ಇನ್ನೂ ದೂರ. ಇಳುವರಿ 0.48ಕ್ಕೆ ಏರುತ್ತದೆ. ಮೀಟರ್ ಸರಿ ಎಂದರೆ 0.42. ವರದಿಯಲ್ಲಿ ಯಾವುದನ್ನು ಬರೆಯಬೇಕು?

ಸಪ್ತಾಪುರದ ಮಾಸ್ತರು

ಇಲ್ಲಿ ನಾವಿಬ್ಬರೂ ಒಪ್ಪದೇ ಇರಬಹುದು. ನಾನಾದರೆ 1.21 ಇಟ್ಟು 0.46 ಬರೆದು, ಯಾವ ಬೆಲೆಯನ್ನು ಬಳಸಿದೆ ಎಂದು ಪಕ್ಕದಲ್ಲೇ ನಮೂದಿಸುತ್ತೇನೆ. ನಾಳೆ ಯಾರಾದರೂ ಆ ಬೆಲೆಯನ್ನು ತಿದ್ದಿದರೆ ನಿನ್ನ ಸಂಖ್ಯೆಯನ್ನೂ ಒಂದೇ ಗುಣಾಕಾರದಲ್ಲಿ ತಿದ್ದಬಹುದು. ಆದರೆ ಎರಡನೆಯ ದಶಮಾಂಶವನ್ನು ಹೆಚ್ಚು ನೆಚ್ಚಬೇಡ. ಕಲಕುವ ಮ್ಯಾಗ್ನೆಟ್ ಬಂದ ಮೇಲೆ, ಎಲ್‌ಇಡಿಯ ರೋಹಿತವನ್ನು ಒಮ್ಮೆ ತೆಗೆಸಿದ ಮೇಲೆ, ಮತ್ತೆ ನೋಡೋಣ.

ಬೆಳಕಿನ ಅಂಗಡಿ, ಹುಬ್ಬಳ್ಳಿ

ಮೀಟರ್‌ನ ಪ್ರಮಾಣಪತ್ರ ಸಿಕ್ಕಿತು. ಕ್ಯಾಲಿಬ್ರೇಶನ್ 400 ನ್ಯಾನೋಮೀಟರ್‌ನಿಂದ ಮೇಲಕ್ಕೆ ಮಾತ್ರ ಇದೆ. 365ರಲ್ಲಿ ಅದು ತೋರಿಸುವುದು ಕಾರ್ಖಾನೆಯ ಸಾಮಾನ್ಯ ವಕ್ರರೇಖೆಯಿಂದ ತೆಗೆದ ಅಂದಾಜು. ಶಾಲ್ಮಲಾ ತಂಗಿ, ಸದ್ಯಕ್ಕೆ ಆ 7.0ನ್ನು ವರದಿಗೆ ಸೇರಿಸಬೇಡಿ.